ಅಜ್ಜಿ, ಚೌತಿ ಮತ್ತು ಹನ್ನೆರಡು ಲೀಟರ್ ಹಾಲು

ಊರ ಮನೆಯ ಹಳೇ ಫ್ರಿಜ್ ಬೇಸಿಗೆಯ ಕೊನೆಗೆ ಪ್ರಾಣ ಬಿಟ್ಟಿತು. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಸಂಜೆ ಎಲ್ಲರ ತೋಟದಲ್ಲೂ ಪಂಪು ಶುರುವಾದರೆ ವೋಲ್ಟೇಜ್ ಬಿದ್ದುಹೋಗುತ್ತದೆ. ಬಲ್ಬು ಕೆಂಪಗಾಗುತ್ತದೆ, ಫ್ಯಾನ್ ತಿರುಗೋದು ಎಣಿಸಬಹುದು. ಪಾಪ, ಆ ಫ್ರಿಜ್ ಶುರುವಾಗಲು ನೋಡೋದು, ಒಂದು ಸಲ ಗುಂಯ್ ಅನ್ನೋದು, ಕಟ್ ಅಂತ ನಿಲ್ಲೋದು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಒಂದು ದಿನ ಗುಂಯ್ ಅನ್ನೋದೂ ನಿಂತಿತು.

ಚಿಕ್ಕಪ್ಪ ಹೊಸದು ತಂದರು. ಇನ್ವರ್ಟರ್ ಕಂಪ್ರೆಸರ್, ಬಾಗಿಲ ಮೇಲೆ ಅಂಕಿ, ವೈಫೈ. ಕಡಿಮೆ ವೋಲ್ಟೇಜ್‌ನಲ್ಲೂ ಓಡುತ್ತದೆ ಅನ್ನೋದು ಅವರು ಅದನ್ನು ಆರಿಸಿದ ಕಾರಣ. ವೈಫೈ ಜೊತೆಗೆ ಬಂತು, ಅಷ್ಟೇ. ಅಜ್ಜಿಗೆ ಮಾತ್ರ ಆ ಜೊತೆಗೆ ಬಂದದ್ದೇ ದೊಡ್ಡ ವಿಷಯವಾಯಿತು.

"ಅದು ನಮ್ಮನೆ ಸುದ್ದಿ ಯಾರಿಗೆ ಹೇಳತ್ತೆ?" ಅಂತ ಮೊದಲ ದಿನವೇ ಕೇಳಿದರು.

"ಯಾರಿಗೂ ಇಲ್ಲ ಅಮ್ಮ, ನಮ್ಮ ಫೋನಿಗೆ ಮಾತ್ರ," ಅಂದರು ಚಿಕ್ಕಪ್ಪ.

"ಅಡುಗೆಮನೆಲಿ ನಾನಿರುವಾಗ ಅಡುಗೆಮನೆ ಸುದ್ದಿ ಫೋನಿಗೆ ಎಂತಕ್ಕೆ?"

ಇದಕ್ಕೆ ಚಿಕ್ಕಪ್ಪನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಫ್ರಿಜ್ಜನ್ನು ಪಿಕಪ್ ಗಾಡಿಯಲ್ಲಿ ಮಲಗಿಸಿಕೊಂಡು ತಂದಿದ್ದರು. ಹಾಗೆ ತಂದಾಗ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ. ತಕ್ಷಣ ಕರೆಂಟ್ ಕೊಟ್ಟರೆ ಕಂಪ್ರೆಸರಿಗೇ ಏಟು. ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಸುಮ್ನೆ ಬಿಡಬೇಕು. ನಾವು ರಾತ್ರಿಯಿಡೀ ಬಿಟ್ಟೆವು. "ತೋಟದ ಆಳಿಗೆ ಇಲ್ಲದ ರೆಸ್ಟು ಇದಕ್ಕೆ ಬೇಕಂತೆ," ಅಂತ ಅಜ್ಜಿ ಅದರ ಸುತ್ತ ಗುಡಿಸಿಕೊಂಡು ಹೋದರು.

ನಿಲ್ಲಿಸುವುದೂ ಸಲೀಸಾಗಲಿಲ್ಲ. ನಮ್ಮ ಅಡುಗೆಮನೆಗೆ ಹಳೇ ಕೆಂಪು ಗಾರೆ ನೆಲ, ತೊಳೆದ ನೀರು ಬಚ್ಚಲ ಕಡೆ ಹೋಗಲಿ ಅಂತ ಇಳಿಜಾರು ಕೊಟ್ಟಿದ್ದಾರೆ. ಫ್ರಿಜ್ ಮುಂದಕ್ಕೆ ವಾಲಿತು. ಮುಂದೆ ವಾಲಿದರೆ ಬಾಗಿಲು ತಾನಾಗಿ ಹಾಕಿಕೊಳ್ಳುವುದಿಲ್ಲ, ತೆರೆದುಕೊಳ್ಳಲು ನೋಡುತ್ತದೆ. ಮುಂಭಾಗದ ಎರಡು ಕಾಲುಗಳಲ್ಲಿ ಸ್ಕ್ರೂ ಇರುತ್ತದಲ್ವಾ, ಅದನ್ನು ತಿರುಗಿಸಿ ಮುಂದುಗಡೆ ಒಂಚೂರು ಎತ್ತರ ಮಾಡಬೇಕು. ನಾವು ಸ್ಕ್ರೂ ಪೂರ್ತಿ ತಿರುಗಿಸಿದರೂ ಸಾಲಲಿಲ್ಲ. ಕೊನೆಗೆ ಕಾಲಡಿಗೆ ಅಡಿಕೆ ಮರದ ದಬ್ಬೆ ಕೊಟ್ಟೆವು. ಬಾಗಿಲನ್ನು ಅರ್ಧ ತೆರೆದು ಬಿಟ್ಟರೆ ತಾನೇ ಬಂದು ಮುಚ್ಚಿಕೊಂಡಿತು. ಆದರೆ ಮೆಲ್ಲಗೆ. ಒಳಗಿನ ಪಾತ್ರೆ ಯಾವುದಾದರೂ ಅಡ್ಡ ಬಂದರೆ ಅದನ್ನು ತಳ್ಳುವಷ್ಟು ಬಲ ಅದಕ್ಕಿರಲಿಲ್ಲ.

ಆಮೇಲೆ ವೈಫೈ. ಇದರಲ್ಲಿ ಒಂದು ಮಧ್ಯಾಹ್ನ ಹೋಯಿತು. ಫೋನಿಗೆ ಸಿಗುವ ವೈಫೈ ಫ್ರಿಜ್ಜಿಗೆ ಸಿಗುತ್ತಿರಲಿಲ್ಲ. ಇಂಥ ಯಂತ್ರಗಳು ಹೆಚ್ಚಿನವು 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಮಾತ್ರ ಕೆಲಸ ಮಾಡುತ್ತವೆ. ನಮ್ಮ ಮೋಡೆಮ್ 2.4 ಮತ್ತು 5 ಎರಡನ್ನೂ ಒಂದೇ ಹೆಸರಲ್ಲಿ ಬಿಡುತ್ತಿತ್ತು. ಫೋನ್ 5ಕ್ಕೆ ಹೋಗಿ ಕೂತಿತ್ತು, ಫ್ರಿಜ್ ಅದನ್ನು ಅಲ್ಲಿ ಕಾಣದೆ ಒದ್ದಾಡುತ್ತಿತ್ತು. ಮೋಡೆಮ್ಮಿನ ಸೆಟ್ಟಿಂಗಿಗೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟ ಮೇಲೆ ಸೇರಿಕೊಂಡಿತು. ಮೋಡೆಮ್ ಇರೋದು ಜಗಲಿಯಲ್ಲಿ, ಅಡುಗೆಮನೆ ಹಿಂದುಗಡೆ, ನಡುವೆ ಎರಡು ಜಂಬಿಟ್ಟಿಗೆ ಗೋಡೆ. 5 ಗಿಗಾಹರ್ಟ್ಸ್ ಆ ಗೋಡೆ ದಾಟೋದೂ ಕಷ್ಟ. ಹಾಗಾಗಿ 2.4 ಆಗಿದ್ದೇ ಒಳ್ಳೆಯದಾಯಿತು. ಆಪ್ ನನ್ನ ಫೋನಿನಲ್ಲೂ ಚಿಕ್ಕಪ್ಪನ ಫೋನಿನಲ್ಲೂ ಇತ್ತು. ನಾನಿರೋದು ಶಿವಮೊಗ್ಗದ ವಿನೋಬನಗರದಲ್ಲಿ. ಅಲ್ಲಿ ಕೂತು ಊರ ಫ್ರಿಜ್ಜಿನ ಒಳಗೆ ಎಷ್ಟು ಡಿಗ್ರಿ ಅಂತ ನೋಡಬಹುದಿತ್ತು. ಮೊದಲ ವಾರ ಸುಮ್ನೆ ನೋಡುತ್ತಿದ್ದೆ.

ಅಜ್ಜಿಯ ತಕರಾರುಗಳಲ್ಲಿ ಅರ್ಧ ಮಡಿಯ ಮಾತು. ಅನ್ನ ತಾಗಿದ ಪಾತ್ರೆ ಮುಸುರೆ. ಹಾಲು ಮೊಸರು ತುಪ್ಪ ಬೇರೆ. ಎರಡನ್ನೂ ಒಂದೇ ಪೆಟ್ಟಿಗೆಯೊಳಗೆ ಇಟ್ಟು ಬಾಗಿಲು ಹಾಕಿದರೆ ಹೇಗೆ? ಹಳೇ ಫ್ರಿಜ್ಜಿನಲ್ಲಿ ಮೇಲಿನ ತಟ್ಟೆ ಹಾಲಿಗೆ, ಕೆಳಗಿನದು ಉಳಿದದ್ದಕ್ಕೆ ಅಂತ ವರ್ಷಗಳ ಒಪ್ಪಂದವಿತ್ತು. ಹೊಸದರಲ್ಲಿ ತಟ್ಟೆಗಳ ಎತ್ತರವೇ ಬೇರೆ. ಒಪ್ಪಂದ ಮತ್ತೆ ಮೊದಲಿಂದ ಆಗಬೇಕಾಯಿತು. ಇನ್ನರ್ಧ ತಕರಾರು ಸದ್ದಿನದು. ಬಾಗಿಲು ಒಂದು ನಿಮಿಷ ತೆರೆದಿಟ್ಟರೆ ಕೀಂಕ್ ಕೀಂಕ್ ಅನ್ನುತ್ತಿತ್ತು. ಅಜ್ಜಿ ಬೆಳಿಗ್ಗೆ ಬಾಗಿಲು ತೆರೆದು, ಏನು ತೆಗೆಯಬೇಕು ಅಂತ ನಿಧಾನಕ್ಕೆ ಯೋಚನೆ ಮಾಡುವವರು. "ನನ್ನ ಅತ್ತೆಯೂ ಹೀಗೆ ಗದರಿಸಲಿಲ್ಲ," ಅಂದರು. ಚಿಕ್ಕಪ್ಪ ಸೆಟ್ಟಿಂಗಿಗೆ ಹೋಗಿ ಆ ಸದ್ದನ್ನೇ ನಿಲ್ಲಿಸಿಬಿಟ್ಟರು. ಫೋನಿಗೆ ಬರುವ ಸೂಚನೆ ಬೇರೆ, ಅದು ಹಾಗೇ ಉಳಿಯಿತು.

ಮಳೆಗಾಲದಲ್ಲಿ ಅಜ್ಜಿಗೆ ಒಂದು ಗೆಲುವೂ ಸಿಕ್ಕಿತು. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ. ಮೋಡೆಮ್ ಯುಪಿಎಸ್‌ನಲ್ಲಿ ಸ್ವಲ್ಪ ಹೊತ್ತು ಓಡಿತು. ಫ್ರಿಜ್ ಯುಪಿಎಸ್‌ನಲ್ಲಿಲ್ಲ, ಅದರ ಬಾಯಿಯೂ ಕರೆಂಟಿನ ಜೊತೆಗೇ ಹೋಯಿತು. ಆಪ್‌ನಲ್ಲಿ ಸಂಪರ್ಕವಿಲ್ಲ ಅಂತ ಮಾತ್ರ ಬಂತು. ಒಳಗೆ ಎಷ್ಟು ಡಿಗ್ರಿ ಅಂತ ಅದು ಹೇಳುವ ಹಾಗಿಲ್ಲ. "ಬೇಕಾದಾಗ ಮಾತಾಡಲ್ಲ, ಬೇಡದಾಗ ಕಿರಿಚತ್ತೆ," ಅಂತ ಅಜ್ಜಿ ಊರಿಗೆಲ್ಲ ಹೇಳಿದರು. ಕರೆಂಟ್ ಹೋದಾಗ ಬಾಗಿಲು ತೆರೆಯದೆ ಬಿಟ್ಟರೆ ಸುಮಾರು ನಾಲ್ಕು ಗಂಟೆ ಒಳಗಿನದಕ್ಕೆ ಭಯವಿಲ್ಲ, ಆಮೇಲೆ ಹಾಲು ಮೊಸರಿನಂಥದ್ದನ್ನು ನಂಬಬಾರದು. ಇದನ್ನು ಯಾವ ಸ್ಮಾರ್ಟ್ ಫ್ರಿಜ್ಜೂ ಬದಲಾಯಿಸೋದಿಲ್ಲ. ಆ ಮಟ್ಟಿಗೆ ಅಜ್ಜಿ ಹೇಳಿದ್ದು ಸರಿಯೇ.

ಚೌತಿಗೆ ನಮ್ಮಲ್ಲಿ ಗಣಪತಿ ಕೂರಿಸುತ್ತಾರೆ. ಸುತ್ತಲಿನ ನಾಲ್ಕೈದು ಮನೆಯವರು ಬಂದು ಊಟಕ್ಕೆ ನಲವತ್ತು ಎಲೆ ಆಗುತ್ತದೆ. ಪಂಚಕಜ್ಜಾಯ, ಕಾಯಿ ಕಡುಬು, ಪತ್ರೊಡೆ, ಅಪ್ಪೆಹುಳಿ, ಸೌತೆಕಾಯಿ ಹಸಿ, ಬೆಲ್ಲದ ಪಾಯಸ. ಮೊದಲೆಲ್ಲ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕಾಯಿ ತುರಿಯಲು ನಾಲ್ಕು ಜನ ಹೆಂಗಸರು ಕೂರುತ್ತಿದ್ದರು. ಈ ಸಲ ಕೈ ಕಡಿಮೆ. ಚಿಕ್ಕಮ್ಮ ಒಂದು ಮಾತು ಹೇಳಿದರು. ದೇವರ ನೈವೇದ್ಯಕ್ಕೆ ಬೇಕಾದದ್ದು ಬೆಳಿಗ್ಗೆ ಮಡಿಯಲ್ಲೇ ಆಗಲಿ, ಊಟಕ್ಕೆ ಬರುವವರ ಪಾಲಿನ ಕಾಯಿತುರಿ, ಪತ್ರೊಡೆ ಹಿಟ್ಟು, ಪಾಯಸದ ಹಾಲು ಹಿಂದಿನ ಸಂಜೆಯೇ ತಯಾರು ಮಾಡಿ ಫ್ರಿಜ್ಜಿನಲ್ಲಿಡೋಣ.

"ಅದು ಕೈ ಕೊಟ್ಟರೆ?" ಅಂದರು ಅಜ್ಜಿ.

"ಕೊಡಲ್ಲ ಅತ್ತೆ."

"ಕೊಟ್ಟರೆ ನಲವತ್ತು ಜನರ ಮುಂದೆ ನಿಲ್ಲೋಳು ನೀನಲ್ಲ, ನಾನು."

ಕೊನೆಗೆ ಒಪ್ಪಿದರು. ಒಪ್ಪಿದರು ಅನ್ನೋದಕ್ಕಿಂತ ಬಿಟ್ಟರು ಅನ್ನಬೇಕು.

ನಾನು ಹಬ್ಬದ ದಿನ ಬೆಳಿಗ್ಗೆ ಹೊರಡುವವನಿದ್ದೆ. ಹಿಂದಿನ ರಾತ್ರಿ ಮನೆಯಲ್ಲಿ ಮಲಗಿದ್ದೆ. ಹನ್ನೊಂದೂಮುಕ್ಕಾಲರ ಹೊತ್ತಿಗೆ ಫೋನ್ ಗುಂಯ್ ಅಂತು. ಫ್ರಿಜ್ಜಿನ ಬಾಗಿಲು ತೆರೆದಿದೆ ಅಂತ ಸೂಚನೆ. ಮೊದಲು ಯಾರೋ ಕೆಲಸ ಮಾಡುತ್ತಿರಬಹುದು ಅಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಆಪ್ ತೆರೆದರೆ ಇನ್ನೂ ತೆರೆದೇ ಇದೆ. ನಾವು ಇಟ್ಟದ್ದು 3 ಡಿಗ್ರಿಗೆ, ಒಳಗೆ 14 ತೋರಿಸುತ್ತಿತ್ತು.

14 ನೋಡಿ ನನಗೆ ಅನುಮಾನ ಬಂತು. ಬಾಗಿಲು ಅಷ್ಟು ಹೊತ್ತು ತೆರೆದಿದ್ದಕ್ಕೆ ಅಂಕಿ ಏರೋದು ಸರಿ. ಆದರೆ ಆಪ್‌ನಲ್ಲಿ ಸಂಜೆಯಿಂದ ಈಚೆಗಿನ ಗೆರೆ ನೋಡಿದರೆ, ಬಾಗಿಲು ತೆರೆದುಕೊಳ್ಳುವ ಮೊದಲೇ 9ಕ್ಕೆ ಹೋಗಿತ್ತು. ಅಂದರೆ ಒಳಗೆ ಬಿಸಿ ಇರುವುದೇನೋ ಕೂತಿದೆ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗೋದು ಉಪ್ಪರಿಗೆಯ ಒಂದು ಕಿಟಕಿ ಹತ್ತಿರ ಮಾತ್ರ. ವಾಟ್ಸಾಪ್‌ನಲ್ಲಿ ಚಿಕ್ಕಮ್ಮನಿಗೆ ಮಾಡಿದೆ, ಅದೂ ಇಲ್ಲ. ಉಳಿದದ್ದು ಲ್ಯಾಂಡ್‌ಲೈನ್. ಅದು ಇರೋದು ಅಜ್ಜಿಯ ಕೋಣೆಯ ಬಾಗಿಲ ಪಕ್ಕ. ಹಬ್ಬದ ಹಿಂದಿನ ರಾತ್ರಿ, ಆ ಹೊತ್ತಿಗೆ ಲ್ಯಾಂಡ್‌ಲೈನ್ ಹೊಡೆದರೆ ಯಾರೋ ಹೋದರು ಅಂತಲೇ ಅರ್ಥ. ಬೇರೆ ದಾರಿ ಇರಲಿಲ್ಲ.

"ಯಾರು? ಯಾರಿಗೆ ಏನಾಯ್ತು?" ಹಿಂದೆ ಹಂಚಿನ ಮೇಲೆ ಮಳೆಯ ಸದ್ದು.

"ಅಜ್ಜಿ, ನಾನು. ಯಾರಿಗೂ ಏನೂ ಆಗಿಲ್ಲ. ಫ್ರಿಜ್ಜಿನ ಬಾಗಿಲು ತೆರೆದಿದೆ."

ಸ್ವಲ್ಪ ಹೊತ್ತು ಮಾತಿಲ್ಲ.

"ಮಾಣಿ, ನೀನು ಎಲ್ಲಿದ್ದಿ?"

"ಶಿವಮೊಗ್ಗದಲ್ಲಿ."

"ಶಿವಮೊಗ್ಗದಲ್ಲಿ ಇದ್ಕೊಂಡು ನಮ್ಮನೆ ಅಡುಗೆಮನೆ ಬಾಗಿಲು ನೋಡ್ತಿಯಾ?"

"ಅಡುಗೆಮನೆದಲ್ಲ ಅಜ್ಜಿ, ಫ್ರಿಜ್ಜಿಂದು. ಹೋಗಿ ನೋಡಿ, ಆಮೇಲೆ ಬಯ್ಯಿ."

ರಿಸೀವರನ್ನು ಪಕ್ಕಕ್ಕಿಟ್ಟು ಹೋದರು. ಕಾಯುತ್ತಿದ್ದೆ. ವಾಪಸ್ ಬಂದಾಗ ಧ್ವನಿ ಬದಲಾಗಿತ್ತು.

ಆಗಿದ್ದು ಇಷ್ಟು. ಹತ್ತು ಗಂಟೆಗೆ ಎಲ್ಲ ಜೋಡಿಸಿಟ್ಟು ಚಿಕ್ಕಮ್ಮ ಬಾಗಿಲು ಒತ್ತಿ ಹಾಕಿದ್ದರು. ನಡುವಿನ ತಟ್ಟೆಯಲ್ಲಿ ಹಾಲಿನ ದೊಡ್ಡ ಡಬರಿ, ಅದರ ಕಿವಿ ಬಾಗಿಲಿಗೆ ಹತ್ತಿರ. ಹನ್ನೊಂದೂವರೆಗೆ ತಮ್ಮ, ಅಂದರೆ ಚಿಕ್ಕಪ್ಪನ ಮಗ, ತಣ್ಣೀರಿನ ಬಾಟಲಿ ತೆಗೆಯಲು ಬಂದವನು ಡಬರಿಯನ್ನು ಸ್ವಲ್ಪ ಸರಿಸಿದ್ದಾನೆ. ಬಾಗಿಲು ಬಿಟ್ಟು ಹೋಗಿದ್ದಾನೆ, ತಾನೇ ಮುಚ್ಚಿಕೊಳ್ಳುತ್ತಲ್ಲ ಅಂತ. ಬಾಗಿಲು ಬಂದು ಡಬರಿಯ ಕಿವಿಗೆ ತಾಗಿ ನಿಂತಿದೆ. ಎರಡು ಬೆರಳು ಸಂದು. ಒಳಗಿನ ದೀಪ ಉರಿಯುತ್ತಿತ್ತಂತೆ. ಮಳೆಗಾಲದ ಒದ್ದೆ ಗಾಳಿ ಒಳಗೆ ಹೋಗಿ ತಟ್ಟೆಗಳ ಮೇಲೆಲ್ಲ ಬೆವರು.

"ಹಾಲಿನ ಪಾತ್ರೆ ಬೆಚ್ಚಗಿದೆ ಮಾಣಿ," ಅಂದರು ಅಜ್ಜಿ.

ಇದೇ ಆ 9ರ ಗುಟ್ಟು. ಹನ್ನೆರಡು ಲೀಟರ್ ಹಾಲು ಸಂಜೆ ಏಳಕ್ಕೆ ಕಾಸಿದ್ದು. ಮುಚ್ಚಳ ಹಾಕಿ, ಹತ್ತಕ್ಕೆ ಫ್ರಿಜ್ಜಿಗೆ. ಪಾತ್ರೆಯ ಹೊರಮೈ ಆರಿದ ಹಾಗೆ ಕಂಡಿರಬೇಕು. ಅಷ್ಟು ಹಾಲು ಒಂದೇ ಪಾತ್ರೆಯಲ್ಲಿದ್ದರೆ ನಡುವಿನ ಬಿಸಿ ಬೇಗ ಹೊರಗೆ ಬರೋದಿಲ್ಲ. ಫ್ರಿಜ್ಜಿನ ತಣ್ಣನೆ ಗಾಳಿ ಅದನ್ನು ಇಡೀ ರಾತ್ರಿ ಎಳೆದರೂ ಬೆಳಿಗ್ಗೆ ನಡುವೆ ಪೂರ್ತಿ ತಣ್ಣಗಾಗಿರುತ್ತಿರಲಿಲ್ಲ. ಹಾಲು ಕೆಡುವುದು ಈ ಉಗುರುಬೆಚ್ಚಗಿನ ಹೊತ್ತಿನಲ್ಲೇ. ಮೊಸರಿಗೆ ಹೆಪ್ಪು ಹಾಕುವ ಹದ ಅದೇ ಅಲ್ವಾ? ಜೊತೆಗೆ ಪಕ್ಕದಲ್ಲಿದ್ದ ಕಾಯಿತುರಿ, ಹಿಟ್ಟು ಎರಡನ್ನೂ ಅದು ಬೆಚ್ಚಗೆ ಮಾಡುತ್ತಿತ್ತು. ಬಾಗಿಲು ತೆರೆದದ್ದು ಅದರ ಮೇಲೆ ಬಿದ್ದ ಇನ್ನೊಂದು ಏಟು. ಬಾಗಿಲು ಸರಿಯಾಗಿಯೇ ಹಾಕಿದ್ದಿದ್ದರೆ ಯಾರೂ ಎದ್ದು ನೋಡುತ್ತಲೇ ಇರಲಿಲ್ಲ ಅನ್ನೋದು ನನಗೆ ಆಮೇಲೆ ಹೊಳೆಯಿತು.

"ಬಾಗಿಲು ಹಾಕಿ ಮಲಗ್ತೀರಾ ಅಜ್ಜಿ?" ಅಂತ ಕೇಳಿದೆ.

"ಬಾಗಿಲು ಹಾಕಿದರೆ ಹಾಲು ಆರತ್ತಾ?" ಅಂದರು. "ನಿನ್ನ ಚಿಕ್ಕಪ್ಪನ್ನ ಎಬ್ಬಿಸ್ತೀನಿ, ಇರು. ಫೋನ್ ಹತ್ತಿರ ಇಟ್ಕೋ."

ಮುಂದಿನದೆಲ್ಲ ಅಜ್ಜಿಯ ಕೆಲಸ. ಫ್ರಿಜ್ ಇಲ್ಲದ ಕಾಲದಲ್ಲಿ ಮದುವೆ ಮನೆಯ ಹಾಲಿನ ಕೊಡವನ್ನು ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟು ಕಾಪಾಡಿದವರು ಅವರು. ಚಿಕ್ಕಪ್ಪ ಕೊಡೆ ಹಿಡಿದು ಬಾವಿ ನೀರು ಸೇದಿದರು. ಬಟ್ಟೆ ಒಗೆಯುವ ಅಗಲದ ಟಬ್ಬಲ್ಲ, ಹೊಸ ಹಿತ್ತಾಳೆ ಬೋಗುಣಿಯೇ ಬೇಕು ಅಂತ ಅಜ್ಜಿಯ ಹಟ. ಅದನ್ನು ಅಟ್ಟದಿಂದ ಇಳಿಸಿದರು. ಬೋಗುಣಿಯಲ್ಲಿ ನೀರು, ನೀರಿನಲ್ಲಿ ಡಬರಿ. ಅಜ್ಜಿ ಮಣೆ ಹಾಕಿಕೊಂಡು ಕೂತು ತೊಳೆದ ಸೌಟಿನಿಂದ ಹಾಲನ್ನು ತಳದಿಂದ ಮೇಲಕ್ಕೆ ತಿರುವುತ್ತಿದ್ದರು. ಸುತ್ತಲಿನ ನೀರು ಬೆಚ್ಚಗಾದ ಕೂಡಲೇ ಚೆಲ್ಲಿ ಹೊಸ ನೀರು. ಗಾಳಿಗಿಂತ ನೀರು ಎಷ್ಟೋ ಪಾಲು ಬೇಗ ಬಿಸಿ ಎಳೆಯುತ್ತದೆ. ಫ್ರಿಜ್ಜಿಗೆ ಇಡೀ ರಾತ್ರಿ ಹಿಡಿಯುವ ಕೆಲಸದ ದೊಡ್ಡ ಪಾಲನ್ನು ಬಾವಿ ನೀರು ಅರ್ಧ ಮುಕ್ಕಾಲು ಗಂಟೆಯಲ್ಲಿ ಮಾಡಿತು. ಆಮೇಲೆ ಆ ಹಾಲನ್ನು ನಾಲ್ಕು ಸಣ್ಣ ಪಾತ್ರೆಗಳಿಗೆ ಹಂಚಿದರು. ಪಾತ್ರೆ ಸಣ್ಣದಾದಷ್ಟು ತಣಿಯುವುದು ಬೇಗ, ಬಾಗಿಲಿಗೂ ಅಡ್ಡ ಬರೋದಿಲ್ಲ.

ಅಷ್ಟು ಹೊತ್ತೂ ಫ್ರಿಜ್ಜಿನ ಬಾಗಿಲು ಹಾಕಿತ್ತು. ಬಿಸಿ ಪಾತ್ರೆ ಹೊರಗೆ ಬಂದದ್ದೇ ಅಂಕಿ ಇಳಿಯತೊಡಗಿತು. ಅಜ್ಜಿ ನಡುನಡುವೆ ಫೋನಿಗೆ ಬಂದು ಕೇಳುತ್ತಿದ್ದರು.

"ಈಗೆಷ್ಟು?"

"ಹತ್ತು."

"ಈಗ?"

"ಎಂಟು. ಅಜ್ಜಿ, ಅಂಕಿ ಬಾಗಿಲ ಮೇಲೂ ಬರುತ್ತೆ, ನೀವೇ ನೋಡಬಹುದು."

"ನಂಗೆ ಕನ್ನಡಕ ಬೇಕು ಅದಕ್ಕೆ. ನೀನೇ ಹೇಳು."

ಹಾಲಿನ ಪಾತ್ರೆಗಳನ್ನು ಒಳಗಿಟ್ಟಾಗ ಮತ್ತೆ ಸ್ವಲ್ಪ ಏರಿತು, ಆಮೇಲೆ ಇಳಿಯಿತು. ಅದು 5ಕ್ಕೆ ಬರುವಾಗ ಎರಡು ಗಂಟೆ ದಾಟಿತ್ತು. ಹೇಳಲು ಫೋನ್ ಮಾಡಿದರೆ ಒಂದೇ ರಿಂಗಿಗೆ ಎತ್ತಿದರು. "ಐದು," ಅಂದೆ. "ಹ್ಞಾಂ," ಅಂದು ಇಟ್ಟರು.

ನಾನು ಬೆಳಿಗ್ಗೆ ಮಂಡಗದ್ದೆ ದಾಟಿ ಊರು ಮುಟ್ಟುವ ಹೊತ್ತಿಗೆ ಪರೀಕ್ಷೆಗಳೆಲ್ಲ ಮುಗಿದಿದ್ದವು. ಫ್ರಿಜ್ 5 ಡಿಗ್ರಿ ಅಂತ ಹೇಳಿದ್ದಕ್ಕೆ ಅಜ್ಜಿ ಹಾಲನ್ನು ನಂಬಿರಲಿಲ್ಲ. ಪ್ರತಿ ಪಾತ್ರೆಯಿಂದ ಒಂದೊಂದು ಸೌಟು ಹಾಲು ತೆಗೆದು ಸಣ್ಣ ಪಾತ್ರೆಯಲ್ಲಿ ಕುದಿಸಿ ನೋಡಿದ್ದರು. ಹಾಲು ಒಳಗೊಳಗೇ ಹುಳಿಯಾಗಿದ್ದರೆ ಮೂಗಿಗೆ ಗೊತ್ತಾಗುವ ಮೊದಲೇ ಕುದಿಯಲ್ಲಿ ಒಡೆದು ಕಣಕಣವಾಗುತ್ತದೆ. ನಾಲ್ಕೂ ಒಡೆಯಲಿಲ್ಲ. ಬೆಲ್ಲದ ಪಾಯಸಕ್ಕೆ ಇದು ಮುಖ್ಯ. ಬೆಲ್ಲಕ್ಕೆ ಒಳ್ಳೇ ಹಾಲೇ ಒಮ್ಮೊಮ್ಮೆ ಒಡೆಯುತ್ತದೆ, ಇನ್ನು ಹುಳಿ ತಿರುಗಿದ ಹಾಲು ಕೇಳಬೇಕಾ? ಅದಕ್ಕೇ ಅಜ್ಜಿ ಬೆಲ್ಲ ಬೆಂದ ಪಾಯಸವನ್ನು ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಹಾಲು ಹಾಕೋದು.

ಕಾಯಿತುರಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ಕೆಟ್ಟ ತುರಿ ಅಂಟಂಟಾಗಿ ಲೋಳೆ ಬರುತ್ತದೆ, ಮೂಗಿಗೆ ಹಿಡಿದರೆ ಹುಳಿ ಇಲ್ಲಾ ಸೋಪಿನ ವಾಸನೆ. ಬಾಗಿಲ ಸಂದಿನ ಪಕ್ಕದಲ್ಲಿದ್ದ ಡಬ್ಬಿಯದು ಮೇಲ್ಭಾಗ ಸ್ವಲ್ಪ ಅನುಮಾನಕ್ಕೆ ಬಂತು. ಆ ಒಂದು ಹಿಡಿಯಷ್ಟನ್ನು ದನದ ಬಾನಿಗೆ ಹಾಕಿದರು. ಉಳಿದದ್ದು ಸರಿ ಇತ್ತು. ಪತ್ರೊಡೆ ಹಿಟ್ಟು ಒಂಚೂರು ಉಬ್ಬಿತ್ತು, ಕೆಸುವಿನೆಲೆಗೆ ಹಚ್ಚಿ ಬೇಯಿಸಿದಾಗ ಯಾರಿಗೂ ತಿಳಿಯಲಿಲ್ಲ. ಚಿಕ್ಕಮ್ಮ ಮಾತ್ರ ಹುಣಸೆಹಣ್ಣು ಕಡಿಮೆ ಮಾಡಿದ್ದೆ ಅಂದರು.

ನಲವತ್ತು ಎಲೆ ಎದ್ದಿತು. ಪಾಯಸ ಎರಡನೇ ಸಲ ಬಡಿಸುವಾಗ ಪಕ್ಕದ ಮನೆಯ ಹಿರಿಯರೊಬ್ಬರು ಚಿಕ್ಕಪ್ಪನನ್ನು ಕೇಳಿದರು, "ಹೊಸ ಫ್ರಿಜ್ ಹೆಂಗಿದೆ?" ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದರು, "ಪಾಪ, ರಾತ್ರಿ ಎಬ್ಬಿಸಿತು. ಎಬ್ಬಿಸೋದು ಬಿಟ್ಟರೆ ಅದಕ್ಕೆ ಬೇರೆಂತ ಬರತ್ತೆ? ಆರಿಸಿದ್ದು ಬಾವಿ ನೀರು."

ಆ ಸಂಜೆ ಬಾಗಿಲಿನ ಕೀಂಕ್ ಕೀಂಕ್ ಸದ್ದನ್ನು ವಾಪಸ್ ಹಾಕಿಸಿದರು. ತಾನು ಬೆಳಿಗ್ಗೆ ಯೋಚನೆ ಮಾಡುವ ಹೊತ್ತಿನಲ್ಲಿ ಅದು ಸುಮ್ಮನಿರಬೇಕು, ರಾತ್ರಿ ಮಾತ್ರ ಕೂಗಬೇಕು ಅನ್ನೋದು ಅವರ ಬೇಡಿಕೆ. ಅಂಥ ಸೆಟ್ಟಿಂಗ್ ನಮ್ಮದರಲ್ಲಿಲ್ಲ. ಅದಕ್ಕೀಗ ಏನು ತೆಗೆಯಬೇಕು ಅಂತ ಬಾಗಿಲ ಹೊರಗೇ ನಿಂತು ಯೋಚನೆ ಮಾಡಿ, ಆಮೇಲೆ ತೆರೆಯುತ್ತಾರೆ. ಎರಡನೆಯ ಬೇಡಿಕೆಗೆ ನಾನು ಇನ್ನೂ ದಾರಿ ಹುಡುಕುತ್ತಿದ್ದೇನೆ. ಫ್ರಿಜ್ ನನ್ನ ಫೋನಿಗೆ ಹೇಳೋದು ಬೇಡವಂತೆ, ನೇರ ಲ್ಯಾಂಡ್‌ಲೈನಿಗೇ ಹೇಳಬೇಕಂತೆ.